ಷಟರ್ ನಿಯಂತ್ರಕದ ಕೆಲಸ: ಅಂಗಡಿ ಮಾಲೀಕರಿಗೆ ವ್ಯಾಪ್ತಿ ಮತ್ತು ದರ ತಿಳಿಸುವ ಇಮೇಲ್ ಬರೆಯುವ ಕ್ರಮ

"ನಮ್ಮ ಅಂಗಡಿ ಷಟರ್ ಆಟೋಮ್ಯಾಟಿಕ್ ಮಾಡಿಕೊಡಿ, ಎಷ್ಟಾಗುತ್ತೆ ಹೇಳಿ" ಎಂಬ ಪ್ರಶ್ನೆ ಸಾಮಾನ್ಯವಾಗಿ ಫೋನಿನಲ್ಲಿ ಬರುತ್ತದೆ. ಆ ಒಂದು ಮಾತಿನೊಳಗೆ ಹಲವು ಬೇರೆ ಬೇರೆ ಕೆಲಸಗಳು ಅಡಗಿರಬಹುದು. ಕೈಯಿಂದ ಎಳೆಯುವ ಷಟರಿಗೆ ಹೊಸದಾಗಿ ಮೋಟಾರ್ ಕೂರಿಸುವುದು ಒಂದು, ಈಗಾಗಲೇ ಇರುವ ಮೋಟಾರಿಗೆ ರಿಮೋಟ್ ಸೇರಿಸುವುದು ಇನ್ನೊಂದು, ರಾತ್ರಿ ಒಂಬತ್ತಾದ ಕೂಡಲೇ ಷಟರ್ ತಾನಾಗಿಯೇ ಇಳಿಯುವಂತೆ ಮಾಡುವುದು ಮತ್ತೊಂದು. ಯಾವುದೆಂದು ತಿಳಿಯದೆ ಹೇಳಿದ ದರ ಉಳಿಯುವುದಿಲ್ಲ. ನಾನು ಮೊದಲ ಬಾರಿ ಇಂಥ ಕೆಲಸ ಹಿಡಿದಾಗ ಫೋನಿನಲ್ಲೇ 6,000 ರೂಪಾಯಿ ಎಂದು ಹೇಳಿಬಿಟ್ಟಿದ್ದೆ. ಕೆಲಸ ಮುಗಿದ ನಾಲ್ಕನೇ ದಿನ, ಷಟರಿನ ಎರಡೂ ಬದಿಯ ಅಗುಳಿ ಹಾಕಿದ್ದಾಗಲೇ ಯಾರೋ ರಿಮೋಟ್ ಒತ್ತಿದರು. ಮೋಟಾರ್ ಮೇಲಕ್ಕೆಳೆಯಿತು, ಅಗುಳಿ ಬಿಡಲಿಲ್ಲ, ಅಡಿಪಟ್ಟಿ ಬಾಗಿ ಒಂದು ಕಡೆ, ಷಟರ್ ಜಾರುವ ಗೈಡಿನಿಂದ ಹೊರಬಂತು. ಅದನ್ನು ಸರಿಪಡಿಸಿದ ವೆಚ್ಚ ನನ್ನ ಸಂಪಾದನೆಯನ್ನು ನುಂಗಿತು. ಅಗುಳಿಯ ವಿಷಯವನ್ನು ನಾನು ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ, ಎಲ್ಲಿಯೂ ಬರೆದಿರಲಿಲ್ಲ.

ಆದ್ದರಿಂದ ಈಗ ದರವನ್ನು ಬರಹದಲ್ಲಿ ಮಾತ್ರ ತಿಳಿಸುತ್ತೇನೆ. ಆ ಇಮೇಲನ್ನು ಹೇಗೆ ಕಟ್ಟಬೇಕೆಂಬುದನ್ನು ದಾವಣಗೆರೆಯ ಒಂದು ಬಟ್ಟೆ ಅಂಗಡಿಗೆ ನಾನು ಮಾಡಿಕೊಟ್ಟ ಕೆಲಸದ ಆಧಾರದಲ್ಲಿ ಇಲ್ಲಿ ವಿವರಿಸುತ್ತೇನೆ. ಅಲ್ಲಿನ ಮುಖ್ಯ ಷಟರ್ 10 ಅಡಿ ಅಗಲ, 9 ಅಡಿ ಎತ್ತರದ್ದು. ಷಟರ್ ಮಾಡಿದವರೇ ಪಕ್ಕದಲ್ಲಿ ಸಿಂಗಲ್ ಫೇಸ್ ಸೈಡ್ ಮೋಟಾರ್ ಕೂರಿಸಿ, ಒಳಗೋಡೆಯ ಮೇಲೆ ಮೂರು ಗುಂಡಿಯ ಸ್ವಿಚ್ ಕೊಟ್ಟಿದ್ದರು. ಅದರ ಪಕ್ಕದಲ್ಲಿ ಕೈಯಿಂದ ಎತ್ತುವ 4 ಅಡಿಯ ಇನ್ನೊಂದು ಷಟರ್ ಇತ್ತು. ಮಾಲೀಕರಿಗೆ ಬೇಕಾಗಿದ್ದದ್ದು ಹೊರಗಿನಿಂದ ರಿಮೋಟ್ ಒತ್ತಿ ತೆರೆಯುವ ಅನುಕೂಲ, ಮತ್ತು ರಾತ್ರಿ ಸಮಯಕ್ಕೆ ಸರಿಯಾಗಿ ತಾನಾಗಿ ಮುಚ್ಚಿಕೊಳ್ಳುವ ವ್ಯವಸ್ಥೆ.

ಮೊದಲ ಹೆಜ್ಜೆ: ಬರೆಯುವ ಮುನ್ನ ಸ್ಥಳದಲ್ಲಿ ನೋಡಬೇಕಾದದ್ದು

ಮೊದಲು ನೋಡಬೇಕಾದದ್ದು ಗೋಡೆಯ ಮೇಲಿನ ಆ ಮೂರು ಗುಂಡಿಗಳಿಗೆ ಯಾವ ವೋಲ್ಟೇಜ್ ಬರುತ್ತಿದೆ ಎಂಬುದನ್ನು. ಅನೇಕ ಸೈಡ್ ಮೋಟಾರುಗಳ ಪೆಟ್ಟಿಗೆಯೊಳಗೇ ಮೋಟಾರಿನ ಕರೆಂಟನ್ನು ಸೇರಿಸಿ ಬಿಡಿಸುವ ಕಾಂಟ್ಯಾಕ್ಟರುಗಳಿರುತ್ತವೆ ಮತ್ತು ಗುಂಡಿಗಳಲ್ಲಿ ಹರಿಯುವುದು ಕಡಿಮೆ ವೋಲ್ಟೇಜಿನ ನಿಯಂತ್ರಣ ಸಂಕೇತ ಮಾತ್ರ. ಈ ಅಂಗಡಿಯಲ್ಲಿ ಎಲೆಕ್ಟ್ರಿಷಿಯನ್ ಮುಚ್ಚಳ ತೆಗೆದು ಅಳೆದಾಗ 24 ವೋಲ್ಟ್ ಸಿಕ್ಕಿತು. ಅಂದರೆ ರಿಮೋಟಿನ ಸಂಕೇತ ಪಡೆದು ಷಟರಿಗೆ ಆಜ್ಞೆ ಕೊಡುವ ನನ್ನ ನಿಯಂತ್ರಕ ಮೋಟಾರಿನ ಕರೆಂಟನ್ನು ಮುಟ್ಟಬೇಕಾಗಿಲ್ಲ. ಗುಂಡಿ ಒತ್ತುವ ಬೆರಳಿನ ಕೆಲಸವನ್ನು ಒಂದು ಸಣ್ಣ ರಿಲೇ ಮಾಡಿದರೆ ಸಾಕು. ಬದಲಿಗೆ ಗುಂಡಿಯಿಂದಲೇ 230 ವೋಲ್ಟ್ ನೇರವಾಗಿ ಮೋಟಾರಿನ ವೈಂಡಿಂಗಿಗೆ ಹೋಗುತ್ತಿದ್ದರೆ ಕಥೆ ಬೇರೆಯಾಗುತ್ತದೆ. ಆಗ "10A" ಎಂದು ಬರೆದಿರುವ ಅಗ್ಗದ ರಿಲೇ ಬೋರ್ಡು ಸಾಲದು. ಆ 10 ಆಂಪಿಯರ್ ಬಲ್ಬು, ಹೀಟರಿನಂಥ ಹೊರೆಗೆ ಕೊಟ್ಟ ಅಂಕಿ; ಮೋಟಾರ್ ಶುರುವಾಗುವ ಕ್ಷಣದ ಹೆಚ್ಚಿನ ಕರೆಂಟಿಗೆ ರಿಲೇಯ ತುದಿಗಳು ಬೆಸೆದುಕೊಂಡುಬಿಡಬಹುದು. ಹಾಗೆ "ಮೇಲೆ" ರಿಲೇ ಅಂಟಿಕೊಂಡಿರುವಾಗ "ಕೆಳಗೆ" ರಿಲೇ ಕೂಡ ಸೇರಿದರೆ ಮೋಟಾರ್ ತಿರುಗದೆ ಗುಂಯ್‌ಗುಟ್ಟುತ್ತದೆ, ವೈಂಡಿಂಗ್ ಬಿಸಿಯಾಗಿ ಸುಡುತ್ತದೆ. ಅಂಥ ಕಡೆ ಒಂದು ಸೇರಿದ್ದಾಗ ಇನ್ನೊಂದು ಸೇರಲಾಗದಂತೆ ಯಾಂತ್ರಿಕವಾಗಿ ತಡೆಯುವ ಜೋಡಿ ಕಾಂಟ್ಯಾಕ್ಟರ್ ಬೇಕಾಗುತ್ತದೆ. ನನ್ನ ಲೆಕ್ಕದಲ್ಲಿ ಅದಕ್ಕೆ ಸುಮಾರು 2,000 ರೂಪಾಯಿ ಹೆಚ್ಚು ಹಿಡಿಯಬೇಕು.

ಎರಡನೆಯದಾಗಿ, ಕರೆಂಟ್ ಹೋದಾಗ ಒಳಗೆ ಹೋಗುವ ದಾರಿ ಯಾವುದು ಎಂದು ಕೇಳಬೇಕು. ಸೈಡ್ ಮೋಟಾರಿನಲ್ಲಿ ಕೈಯಿಂದ ಎತ್ತುವ ಚೈನ್ ಇರುತ್ತದೆ, ಆದರೆ ಅದು ಸಾಮಾನ್ಯವಾಗಿ ಅಂಗಡಿಯ ಒಳಗಿರುತ್ತದೆ. ಒಂದೇ ಬಾಗಿಲಿರುವ ಅಂಗಡಿಯನ್ನು ಹೊರಗಿನಿಂದ ರಿಮೋಟಿನಲ್ಲಿ ಮುಚ್ಚಿದ ಮೇಲೆ ಬೆಳಿಗ್ಗೆ ಕರೆಂಟ್ ಇಲ್ಲದಿದ್ದರೆ ಮಾಲೀಕರು ಬೀದಿಯಲ್ಲೇ ನಿಲ್ಲಬೇಕಾಗುತ್ತದೆ. ಈ ಅಂಗಡಿಯಲ್ಲಿ ಪಕ್ಕದ ಕೈಷಟರ್ ಇದ್ದದ್ದರಿಂದ ಆ ತೊಂದರೆ ಇರಲಿಲ್ಲ. ಅಂಥ ಎರಡನೇ ದಾರಿ ಇಲ್ಲದ ಕಡೆ, ಹೊರಗಿನಿಂದ ಬೀಗದ ಕೈ ಹಾಕಿ ಮೋಟಾರನ್ನು ಬಿಡಿಸುವ ವ್ಯವಸ್ಥೆಯನ್ನು ಷಟರ್ ಮಾಡಿದವರು ಮೊದಲು ಕೊಡುವವರೆಗೆ ನಾನು ರಿಮೋಟಿನ ಕೆಲಸ ಒಪ್ಪಿಕೊಳ್ಳುವುದಿಲ್ಲ.

ಮೂರನೆಯದು ಅಗುಳಿ. ಅದರ ಕಥೆಯನ್ನು ಆಗಲೇ ಹೇಳಿದ್ದೇನೆ. ಕೊನೆಯದಾಗಿ, ಷಟರ್ ಪೂರ್ತಿ ಏರಲು ಮತ್ತು ಇಳಿಯಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಮೊಬೈಲಿನ ಗಡಿಯಾರದಲ್ಲಿ ಅಳೆದುಕೊಳ್ಳಬೇಕು. ಇಲ್ಲಿ ಎರಡೂ ಕಡೆಗೆ ಸುಮಾರು 22 ಸೆಕೆಂಡು ಬಂತು. ಮೋಟಾರಿನ ಲಿಮಿಟ್ ಸ್ವಿಚ್ಚುಗಳು ತುದಿಯಲ್ಲಿ ಸರಿಯಾಗಿ ನಿಲ್ಲಿಸುತ್ತವೆಯೇ ಎಂದೂ ಆಗಲೇ ನೋಡಬೇಕು. ಅವು ಸರಿಯಿಲ್ಲದಿದ್ದರೆ ಸರಿಪಡಿಸುವ ಹೊಣೆ ಷಟರಿನವರದು, ನಮ್ಮದಲ್ಲ.

ಎರಡನೇ ಹೆಜ್ಜೆ: ಕಂಡದ್ದನ್ನು ಕಂಡಂತೆ ಬರೆಯುವುದು

ಇಮೇಲಿನ ಮೊದಲ ಭಾಗದಲ್ಲಿ ದರ ಬರಬಾರದು. ನಾವು ಏನು ನೋಡಿದೆವು, ಮಾಲೀಕರು ಏನು ಕೇಳಿದರು ಎಂಬುದು ಬರಬೇಕು. ಅದನ್ನು ಓದಿದ ಮಾಲೀಕರು "ಅಲ್ಲ, ನಾನು ಹೇಳಿದ್ದು ಅದಲ್ಲ" ಎನ್ನುವುದಾದರೆ ಆಗಲೇ ಹೇಳಲಿ. ನಾನು ಬರೆದದ್ದು ಹೀಗಿತ್ತು:

> ಮಾನ್ಯರೇ, ನಮಸ್ಕಾರ.
>
> ಶನಿವಾರ ತಮ್ಮ ಅಂಗಡಿಗೆ ಬಂದು ಮುಖ್ಯ ಷಟರನ್ನು ಪರಿಶೀಲಿಸಿದ್ದೇನೆ. ಮೋಟಾರ್, ಬ್ರೇಕ್ ಮತ್ತು ಲಿಮಿಟ್ ಸ್ವಿಚ್ಚುಗಳು ಸರಿಯಾಗಿ ಕೆಲಸ ಮಾಡುತ್ತಿವೆ. ಷಟರ್ ಏರಲು ಮತ್ತು ಇಳಿಯಲು ಸುಮಾರು 22 ಸೆಕೆಂಡು ತೆಗೆದುಕೊಳ್ಳುತ್ತದೆ. ಎರಡೂ ಬದಿಯಲ್ಲಿ ಅಗುಳಿಗಳಿವೆ ಮತ್ತು ತಾವು ರಾತ್ರಿ ಅವನ್ನು ಹಾಕುವುದಾಗಿ ತಿಳಿಸಿದ್ದೀರಿ. ಹೊರಗಿನಿಂದ ರಿಮೋಟಿನಲ್ಲಿ ತೆರೆಯುವುದು ಮತ್ತು ಮುಚ್ಚುವುದು, ಹಾಗೂ ರಾತ್ರಿ 9 ಗಂಟೆಗೆ ತಾನಾಗಿ ಮುಚ್ಚುವುದು ತಮಗೆ ಬೇಕಾಗಿದೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಇದರಲ್ಲಿ ತಪ್ಪಿದ್ದರೆ ದಯವಿಟ್ಟು ತಿಳಿಸಿ. ಕೆಳಗಿನ ದರ ಈ ವಿವರಗಳ ಮೇಲೆ ನಿಂತಿದೆ.

ಮೂರನೇ ಹೆಜ್ಜೆ: ಒಪ್ಪಲಾಗದ ಭಾಗವನ್ನು ಕಾರಣ ಸಹಿತ ಹೇಳುವುದು

ಸಮಯ ನೋಡಿ ತಾನಾಗಿ ಇಳಿಯುವ ಷಟರನ್ನು ನಾನು ಮಾಡಿಕೊಡುವುದಿಲ್ಲ. ಈ ಅಳತೆಯ ಉಕ್ಕಿನ ಷಟರ್ ನೂರು ಕಿಲೋ ಮೀರಿ ತೂಗುತ್ತದೆ. ಅದು ಇಳಿಯುವಾಗ ನೋಡಿಕೊಳ್ಳಲು ಒಬ್ಬರು ಅಲ್ಲಿ ಇರಲೇಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಬಾಗಿಲಿಗೆ ಅಡ್ಡಲಾಗಿ ಇನ್‌ಫ್ರಾರೆಡ್ ಕಿರಣದ ಸೆನ್ಸರ್ ಹಾಕಿದ ಮೇಲೂ ನನ್ನ ಅಭಿಪ್ರಾಯ ಬದಲಾಗದು, ಏಕೆಂದರೆ ಆ ಕಿರಣ ನೋಡುವುದು ಒಂದೇ ಗೆರೆಯನ್ನು. ನೆಲದಿಂದ 30 ಸೆಂಟಿಮೀಟರ್ ಎತ್ತರದಲ್ಲಿ ಕೂರಿಸಿದರೆ ನಿಂತವರ ಕಾಲು ಅದಕ್ಕೆ ಸಿಗುತ್ತದೆ, ಆದರೆ ಒಳಕ್ಕೆ ಚಾಚಿದ ಸ್ಕೂಟರಿನ ಹ್ಯಾಂಡಲ್ ಕಿರಣದ ಮೇಲೆ ಇರುವುದರಿಂದ ಸಿಗುವುದಿಲ್ಲ. ಹೊಸ್ತಿಲ ಮೇಲೆ ಮಲಗಿದ ನಾಯಿ ಕಿರಣದ ಕೆಳಗೇ ಉಳಿಯಬಹುದು. ಇದನ್ನು ಬರೆಯುವಾಗ ಮಾಲೀಕರ ಅಗತ್ಯವನ್ನು ತಳ್ಳಿಹಾಕದೆ, ಅದರ ಹಿಂದಿನ ನಿಜವಾದ ಬೇಡಿಕೆ ಏನೆಂದು ನೋಡಬೇಕು. ಕೇಳಿದಾಗ ತಿಳಿದದ್ದು, ಹುಡುಗರು ಸಮಯಕ್ಕೆ ಮುಚ್ಚದೆ ಮಾತಿನಲ್ಲಿ ಕೂರುತ್ತಾರೆ ಎಂಬುದೇ ಅವರ ತೊಂದರೆ. ಅದಕ್ಕೆ ನೆನಪಿಸುವ ಸದ್ದು ಸಾಕಾಗಿತ್ತು.

> ಷಟರ್ ಯಾರೂ ನೋಡದೆ ತಾನಾಗಿ ಇಳಿಯುವ ವ್ಯವಸ್ಥೆಯನ್ನು ನಾನು ಮಾಡಿಕೊಡಲಾರೆ. ಸೆನ್ಸರ್ ಒಂದು ಎತ್ತರದಲ್ಲಿ ಅಡ್ಡ ಬಂದದ್ದನ್ನು ಮಾತ್ರ ಗುರುತಿಸುತ್ತದೆ, ಅದರ ಮೇಲೆ ಅಥವಾ ಕೆಳಗೆ ಇರುವುದನ್ನು ಗುರುತಿಸುವುದಿಲ್ಲ. ಬದಲಾಗಿ ರಾತ್ರಿ 9 ಗಂಟೆಗೆ ಹೂಟರ್ ಮೂರು ಬಾರಿ ಕೂಗುತ್ತದೆ ಮತ್ತು ಷಟರ್ ಮುಚ್ಚುವವರೆಗೆ ಹತ್ತು ನಿಮಿಷಕ್ಕೊಮ್ಮೆ ನೆನಪಿಸುತ್ತದೆ. ಮುಚ್ಚಲು ಒಬ್ಬರು ಷಟರ್ ಕಾಣುವ ಜಾಗದಲ್ಲಿ ನಿಂತು ರಿಮೋಟ್ ಒತ್ತಬೇಕು.

ನಾಲ್ಕನೇ ಹೆಜ್ಜೆ: ಮಾಡುವ ಕೆಲಸವನ್ನು ನಡವಳಿಕೆಯಾಗಿ ವಿವರಿಸುವುದು

ಅಂಗಡಿಯವರಿಗೆ ಬೋರ್ಡಿನ ಹೆಸರು ಬೇಡ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ, ಏನಾದರೂ ಕೆಟ್ಟರೆ ಷಟರ್ ಹೇಗೆ ವರ್ತಿಸುತ್ತದೆ ಎಂಬುದು ಬೇಕು. ಆದರೆ ಆ ವಾಕ್ಯಗಳನ್ನು ಬರೆಯುವ ನಮಗೆ ಒಳಗಿನ ತಂತಿ ಸ್ಪಷ್ಟವಾಗಿರಬೇಕು. ಮೂರು ಗುಂಡಿಗಳಲ್ಲಿ ಮೇಲೆ ಮತ್ತು ಕೆಳಗೆ ಎಂಬವು ಒತ್ತಿದಾಗ ಸೇರುತ್ತವೆ, ಆದ್ದರಿಂದ ನಮ್ಮ ರಿಲೇಗಳನ್ನು ಅವುಗಳಿಗೆ ಸಮಾನಾಂತರವಾಗಿ ಜೋಡಿಸುತ್ತೇವೆ. ನಿಲ್ಲಿಸುವ ಗುಂಡಿ ಇದಕ್ಕೆ ವಿರುದ್ಧ. ಅದು ಸದಾ ಸೇರಿಯೇ ಇದ್ದು ಒತ್ತಿದಾಗ ಬಿಡುತ್ತದೆ, ಆದ್ದರಿಂದ ನಮ್ಮ ತುದಿಯನ್ನು ಅದರೊಂದಿಗೆ ಸರಣಿಯಲ್ಲಿ ಜೋಡಿಸಬೇಕು. ಈ ಏರ್ಪಾಟಿನ ಗುಣವೇನೆಂದರೆ ಆ ತಂತಿ ಎಲ್ಲಿ ಕಡಿದರೂ ಷಟರ್ ನಿಲ್ಲುತ್ತದೆ.

ಕಿರಣದ ಸೆನ್ಸರಿನ ತುದಿಯನ್ನೂ ಇದೇ ನಿಲ್ಲಿಸುವ ತಂತಿಯಲ್ಲಿ ನೇರವಾಗಿ ಸೇರಿಸುತ್ತೇನೆ. ಹಾಗೆ ಮಾಡಿದರೆ ನನ್ನ ಪ್ರೋಗ್ರಾಂ ಸ್ಥಗಿತಗೊಂಡಿದ್ದರೂ ಕಿರಣ ಕಡಿದ ಕೂಡಲೇ ಷಟರ್ ನಿಲ್ಲುತ್ತದೆ. ನಿಂತ ಷಟರನ್ನು, ಕಿರಣ ಮತ್ತೆ ಸೇರಿದ ಮೇಲೆ, ತಿರುಗಿ ಮೇಲಕ್ಕೆ ಕಳಿಸುವ ಕೆಲಸವನ್ನು ಮಾತ್ರ ಪ್ರೋಗ್ರಾಂ ನೋಡಿಕೊಳ್ಳುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಒಂದಿದೆ: ಏರುವಾಗ ಕಿರಣ ಕಡಿದರೂ ಷಟರ್ ನಿಲ್ಲುತ್ತದೆ, ಹೊಸ್ತಿಲಲ್ಲಿ ಬಟ್ಟೆಯ ಗಂಟು ಇಟ್ಟಿದ್ದರೆ ಅಲುಗುವುದೇ ಇಲ್ಲ. ಇದನ್ನು ಮೊದಲೇ ಬರೆದಿಟ್ಟರೆ ಮೂರನೇ ದಿನ "ನಿಮ್ಮ ಪೆಟ್ಟಿಗೆ ಕೆಟ್ಟಿದೆ" ಎಂಬ ಫೋನ್ ಬರುವುದಿಲ್ಲ. ಸೆನ್ಸರನ್ನು ಷಟರ್ ಇಳಿಯುವ ಗೆರೆಯಲ್ಲೇ ಕೂರಿಸಬಾರದು ಎಂಬುದನ್ನೂ ನೆನಪಿಡಬೇಕು. ಹಾಗೆ ಕೂರಿಸಿದರೆ ಕೊನೆಯ ಒಂದು ಅಡಿಯಲ್ಲಿ ಷಟರಿನ ಅಡಿಪಟ್ಟಿಯೇ ಕಿರಣವನ್ನು ಕಡಿಯುತ್ತದೆ, ಬಾಗಿಲು ಎಂದೂ ಪೂರ್ತಿ ಮುಚ್ಚುವುದಿಲ್ಲ. ಗೈಡಿನಿಂದ ಕೆಲವು ಸೆಂಟಿಮೀಟರ್ ಒಳಕ್ಕೆ ಕೂರಿಸಬೇಕು.

ರಿಮೋಟಿನ ಬಗ್ಗೆಯೂ ಒಂದು ಮಾತು ಇಮೇಲಿನಲ್ಲಿ ಇರಲೇಬೇಕು. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ EV1527 ಚಿಪ್ಪಿನ ರಿಮೋಟುಗಳು ಪ್ರತಿ ಬಾರಿಯೂ ಅದೇ ಸಂಕೇತವನ್ನು ಕಳಿಸುತ್ತವೆ. ನಕಲು ರಿಮೋಟನ್ನು ಅದರ ಪಕ್ಕ ಹಿಡಿದು ಒತ್ತಿದರೆ ಸಂಕೇತ ಕಲಿತುಬಿಡುತ್ತದೆ. ಅಂಗಡಿಯ ಬೀಗಕ್ಕೆ ಅದು ಸಲ್ಲದು. ಪ್ರತಿ ಒತ್ತಿಗೂ ಸಂಕೇತ ಬದಲಾಗುವ ರೋಲಿಂಗ್ ಕೋಡ್ ರಿಮೋಟಿಗೆ ಹೆಚ್ಚು ಖರ್ಚಾಗುತ್ತದೆ, ಆ ಹೆಚ್ಚಿನ ಹಣ ಏಕೆಂದು ಮಾಲೀಕರಿಗೆ ತಿಳಿದಿರಬೇಕು.

> ನಿಯಂತ್ರಕದೊಂದಿಗೆ ಎರಡು ರೋಲಿಂಗ್ ಕೋಡ್ ರಿಮೋಟ್ ಬರುತ್ತವೆ. ಇವುಗಳ ಸಂಕೇತವನ್ನು ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ನಕಲು ರಿಮೋಟ್ ಕಲಿಯಲಾರದು. ಷಟರ್ ಚಲಿಸುವಾಗ ಹೂಟರ್ ಮತ್ತು ದೀಪ ಎಚ್ಚರಿಸುತ್ತವೆ. ಹೊಸ್ತಿಲಲ್ಲಿ ಕಿರಣ ಕಡಿದರೆ ಷಟರ್ ನಿಲ್ಲುತ್ತದೆ, ಇಳಿಯುತ್ತಿದ್ದರೆ ಅಡ್ಡಿ ಸರಿದ ಮೇಲೆ ಮೇಲೇರುತ್ತದೆ. ಹೊಸ್ತಿಲಲ್ಲಿ ಸಾಮಾನು ಇಟ್ಟಿದ್ದರೆ ಷಟರ್ ಚಲಿಸುವುದಿಲ್ಲ. ಯಾವುದಾದರೂ ಅಗುಳಿ ಹಾಕಿದ್ದರೆ ಮೋಟಾರ್ ಶುರುವಾಗುವುದಿಲ್ಲ. ಲಿಮಿಟ್ ಸ್ವಿಚ್ ಕೆಟ್ಟರೆ 28 ಸೆಕೆಂಡಿನ ನಂತರ ನಿಯಂತ್ರಕವೇ ನಿಲ್ಲಿಸುತ್ತದೆ. ಇದು ಹೆಚ್ಚುವರಿ ರಕ್ಷಣೆಯೇ ಹೊರತು ಲಿಮಿಟ್ ಸ್ವಿಚ್ಚಿಗೆ ಬದಲಿಯಲ್ಲ. ನನ್ನ ಪೆಟ್ಟಿಗೆ ಕೆಟ್ಟರೆ ಕೀ ಸ್ವಿಚ್ ತಿರುಗಿಸಿ ಗೋಡೆಯ ಗುಂಡಿಗಳನ್ನು ಮೊದಲಿನಂತೆ ಬಳಸಬಹುದು. ಆಗ ಸೆನ್ಸರ್ ಕೆಲಸ ಮಾಡದಿರುವುದರಿಂದ ನೋಡುತ್ತಾ ನಿಂತೇ ಇಳಿಸಬೇಕು.

ಐದನೇ ಹೆಜ್ಜೆ: ಯಾರ ಕೆಲಸ ಯಾರದು

ಇದನ್ನು ಚಿಕ್ಕದಾಗಿ, ಆದರೆ ಖಚಿತವಾಗಿ ಬರೆಯಬೇಕು. ಷಟರ್, ಮೋಟಾರ್, ಬ್ರೇಕ್ ಮತ್ತು ಲಿಮಿಟ್ ಸ್ವಿಚ್ ಷಟರಿನವರ ಪಾಲಿನವು. ಪ್ರತ್ಯೇಕ ಎಂಸಿಬಿ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮತ್ತು ಷಟರಿನ ಲೋಹಕ್ಕೆ ಅರ್ತಿಂಗ್, ಈ ಮೂರನ್ನೂ ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಮಾಡಬೇಕು, ಅದರ ವೆಚ್ಚ ನಮ್ಮ ದರದಲ್ಲಿ ಸೇರಿಲ್ಲ. ಬೀದಿಯಲ್ಲಿ ಹೋಗುವವರು ಒರಗಿ ನಿಲ್ಲುವ ಲೋಹದ ಬಾಗಿಲು ಅದು. ಅರ್ತಿಂಗ್ ಆಗದೆ ನಾನು ನನ್ನ ಪೆಟ್ಟಿಗೆಗೆ ಕರೆಂಟ್ ಕೊಡುವುದಿಲ್ಲ ಎಂದು ಇಮೇಲಿನಲ್ಲೇ ತಿಳಿಸಿರುತ್ತೇನೆ.

ಆರನೇ ಹೆಜ್ಜೆ: ದರವನ್ನು ಕಟ್ಟುವುದು

ಬಿಡಿಭಾಗಗಳ ಬೆಲೆಗೆ ಒಂದಿಷ್ಟು ಸೇರಿಸಿ ಹೇಳುವುದು ಹವ್ಯಾಸಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ಇಂಥ ಕೆಲಸದಲ್ಲಿ ಭಾಗಗಳಷ್ಟೇ ಹಣ ಸಮಯಕ್ಕೂ ಹೋಗುತ್ತದೆ. ಈ ಅಂಗಡಿಗೆ ನನ್ನ ಲೆಕ್ಕ ಹೀಗಿತ್ತು. 12 ವೋಲ್ಟಿನ ಪವರ್ ಸಪ್ಲೈಗೆ 350, ರಿಲೇ ಸಹಿತ ನಿಯಂತ್ರಕ ಬೋರ್ಡಿಗೆ 900, ರಿಸೀವರ್ ಮತ್ತು ಎರಡು ರಿಮೋಟಿಗೆ 1,800, ಕಿರಣದ ಸೆನ್ಸರ್ ಜೋಡಿಗೆ 1,500, ಹೂಟರ್ ಮತ್ತು ದೀಪಕ್ಕೆ 600, ಅಗುಳಿಗಳಿಗೆ ಎರಡು ಸ್ವಿಚ್ಚಿಗೆ 300, ಪೆಟ್ಟಿಗೆ, ಕೀ ಸ್ವಿಚ್, ಫ್ಯೂಸ್, ತಂತಿ ಮತ್ತು ಪೈಪಿಗೆ 1,150. ಒಟ್ಟು 6,600 ರೂಪಾಯಿ. ಕೊರಿಯರಿಗೂ ಕೈತಪ್ಪಿ ಹಾಳಾಗುವುದಕ್ಕೂ ನೂರಕ್ಕೆ ಹತ್ತರಂತೆ ಸೇರಿಸಿದರೆ 7,260.

ಸಮಯದ ಲೆಕ್ಕದಲ್ಲಿ ಪರಿಶೀಲನೆಗೆ 2 ಗಂಟೆ, ತಯಾರಿ ಮತ್ತು ಪ್ರೋಗ್ರಾಮಿಗೆ 8, ಮನೆಯ ಮೇಜಿನ ಮೇಲೆ ಪರೀಕ್ಷೆಗೆ 3, ಜೋಡಣೆಗೆ 5, ಎರಡನೇ ಭೇಟಿಗೆ 2, ಹೀಗೆ 20 ಗಂಟೆ. ಗಂಟೆಗೆ 350ರಂತೆ 7,000. ಪರೀಕ್ಷೆಯ ಮೂರು ಗಂಟೆಯನ್ನು ಯಾರೂ ಬಿಡಬಾರದು. ಕೆಲವು ರಿಲೇ ಬೋರ್ಡುಗಳು ಕರೆಂಟ್ ಬಂದ ಕ್ಷಣ, ಪ್ರೋಗ್ರಾಂ ಶುರುವಾಗುವ ಮೊದಲೇ, ಒಮ್ಮೆ ಟಕ್ ಎಂದು ಸೇರಿ ಬಿಡುತ್ತವೆ. ಗುಂಡಿಯನ್ನು ಕ್ಷಣಕಾಲ ಒತ್ತಿದರೂ ಪೂರ್ತಿ ಚಲಿಸುವ ಮೋಟಾರಿಗೆ ಆ ಒಂದು ಟಕ್ ಸಾಕು: ಕರೆಂಟ್ ಹೋಗಿ ಬಂದ ಕೂಡಲೇ ನಡುರಾತ್ರಿ ಷಟರ್ ತೆರೆದುಕೊಳ್ಳುತ್ತದೆ. ಮೇಜಿನ ಮೇಲೆ ರಿಲೇಗೊಂದು ಚಿಕ್ಕ ದೀಪ ಕಟ್ಟಿ ಇಪ್ಪತ್ತು ಬಾರಿ ಸ್ವಿಚ್ ಆರಿಸಿ ಹಾಕಿದರೆ ಈ ದೋಷ ಕಣ್ಣಿಗೆ ಬೀಳುತ್ತದೆ. ಮಿನುಗಿದರೆ, ಪಿನ್ ಹೈ ಆದಾಗ ಸೇರುವ ಬೋರ್ಡನ್ನು ಬಳಸಿ, ಅದರ ಪಿನ್ನನ್ನು 10 ಕಿಲೋಓಮಿನ ರೆಸಿಸ್ಟರಿನಿಂದ ಗ್ರೌಂಡಿಗೆ ಎಳೆದು ಕಟ್ಟಬೇಕು.

ಆರು ತಿಂಗಳ ಖಾತರಿಯಲ್ಲಿ ಎರಡು ಬಾರಿ ಹೋಗಿಬರಬೇಕಾದೀತೆಂದು 1,000 ಸೇರಿಸಿದೆ. ಎಲ್ಲ ಕೂಡಿ 15,260 ಬಂತು, 15,300 ಎಂದು ಬರೆದೆ.

> ಒಟ್ಟು ದರ ರೂ. 15,300. ನಾನು ಜಿಎಸ್‌ಟಿ ನೋಂದಣಿ ಹೊಂದಿಲ್ಲದ ಕಾರಣ ಇದರ ಮೇಲೆ ತೆರಿಗೆ ಇರುವುದಿಲ್ಲ, ತೆರಿಗೆ ಬಿಲ್ಲನ್ನೂ ಕೊಡಲಾರೆ. ಒಪ್ಪಿಗೆಯೊಂದಿಗೆ ರೂ. 7,300, ಜೋಡಣೆಯ ದಿನ ರೂ. 5,000, ಹದಿನೈದು ದಿನ ಬಳಸಿದ ನಂತರ ರೂ. 3,000 ಪಾವತಿಸಬಹುದು. ಮುಂಗಡ ಬಂದ ಹನ್ನೆರಡು ದಿನಗಳಲ್ಲಿ ಜೋಡಣೆ ಮುಗಿಯುತ್ತದೆ. ಈ ದರ 15 ದಿನಗಳವರೆಗೆ ಅನ್ವಯಿಸುತ್ತದೆ.

ಮುಂಗಡವನ್ನು ಭಾಗಗಳ ಬೆಲೆಗೆ ಸರಿಹೊಂದಿಸಿರುವುದನ್ನು ಗಮನಿಸಿ. ಮಾಲೀಕರು ನಡುವೆ ಮನಸ್ಸು ಬದಲಿಸಿದರೂ ನಮ್ಮ ಕೈಯಿಂದ ಹಣ ಹೋಗುವುದಿಲ್ಲ.

ಏಳನೇ ಹೆಜ್ಜೆ: ಕೆಲಸ ಮುಗಿಯಿತು ಎನ್ನಲು ಪರೀಕ್ಷೆ

ಕೊನೆಯ ಕಂತು ಯಾವಾಗ ಬರಬೇಕೆಂಬ ಜಗಳ ಹುಟ್ಟದಿರಲು, ಇಬ್ಬರೂ ನಿಂತು ನೋಡಬಹುದಾದ ಪರೀಕ್ಷೆಗಳನ್ನು ಇಮೇಲಿನಲ್ಲೇ ಬರೆಯಬೇಕು.

> ಜೋಡಣೆಯ ದಿನ ತಮ್ಮೆದುರಿಗೆ ಷಟರನ್ನು ಹತ್ತು ಬಾರಿ ಏರಿಸಿ ಇಳಿಸುತ್ತೇನೆ. ಇಳಿಯುತ್ತಿರುವಾಗ ಖಾಲಿ ರಟ್ಟಿನ ಪೆಟ್ಟಿಗೆಯನ್ನು ಕಿರಣಕ್ಕೆ ಅಡ್ಡ ತಳ್ಳುತ್ತೇನೆ. ಷಟರ್ ಪೆಟ್ಟಿಗೆಯನ್ನು ಮುಟ್ಟುವ ಮೊದಲೇ ನಿಲ್ಲಬೇಕು. ಅಗುಳಿ ಹಾಕಿ ರಿಮೋಟ್ ಒತ್ತುತ್ತೇನೆ; ಮೋಟಾರ್ ಸದ್ದು ಬರಬಾರದು. ಷಟರ್ ಅರ್ಧ ಇಳಿದಾಗ ಎಂಸಿಬಿ ಆರಿಸಿ ಮತ್ತೆ ಹಾಕುತ್ತೇನೆ. ಷಟರ್ ಅಲ್ಲೇ ನಿಂತಿರಬೇಕು, ತಾನಾಗಿ ಚಲಿಸಬಾರದು. ಈ ಕೆಲಸ ತಮಗೆ ಒಪ್ಪಿಗೆಯಾದರೆ ಇದೇ ಇಮೇಲಿಗೆ ಉತ್ತರವಾಗಿ "ಒಪ್ಪಿದ್ದೇನೆ" ಎಂದು ಬರೆದು ಕಳುಹಿಸಿ.

ದರ ಇಳಿಸಲು ಕೇಳಿದಾಗ

ಮಾಲೀಕರು ಮರುದಿನವೇ ಫೋನ್ ಮಾಡಿ 12,000ಕ್ಕೆ ಮುಗಿಸಿಕೊಡಿ ಎಂದರು. ಸೆನ್ಸರ್ ಬಿಟ್ಟರೆ ಆಗುವುದಿಲ್ಲವೇ ಎಂದೂ ಕೇಳಿದರು. ಇಂಥ ಸಂದರ್ಭದಲ್ಲಿ ಅದೇ ಕೆಲಸಕ್ಕೆ ಕಡಿಮೆ ಹಣ ಒಪ್ಪಿಕೊಳ್ಳಬಾರದು, ಕೆಲಸದಿಂದ ಏನನ್ನಾದರೂ ತೆಗೆದು ಅದರ ಹಣವನ್ನು ಕಳೆಯಬೇಕು. ತೆಗೆಯುವಾಗ ಸೆನ್ಸರನ್ನು ಮುಟ್ಟಬಾರದು. ಸೈಡ್ ಮೋಟಾರಿನ ಗೇರ್ ಮತ್ತು ಬ್ರೇಕ್ ಷಟರನ್ನು ಹಿಡಿದಿರುವುದರಿಂದ ಅಗುಳಿಗಳನ್ನು ಷಟರಿನವರಿಂದ ಪೂರ್ತಿ ತೆಗೆಸಿಬಿಡಬಹುದು ಎಂದು ತಿಳಿಸಿದೆ. ಆಗ ಎರಡು ಸ್ವಿಚ್ಚಿನ 300 ಉಳಿಯಿತು. ತಂತಿ, ಪೈಪು ಎಳೆಯುವುದನ್ನು ಅವರ ಎಲೆಕ್ಟ್ರಿಷಿಯನ್ನಿಗೆ ಬಿಟ್ಟದ್ದರಿಂದ ಸಾಮಾನಿನಲ್ಲಿ 500, ನನ್ನ ಎರಡು ಗಂಟೆಯ 700 ಇಳಿಯಿತು. ಭಾಗಗಳ ಮೇಲೆ ಸೇರಿಸಿದ್ದ ನೂರಕ್ಕೆ ಹತ್ತರಲ್ಲಿ 80 ಕಡಿಮೆಯಾಗಿ ಒಟ್ಟು 1,580 ಕಳೆದು 13,720 ನಿಂತಿತು. 13,700 ಎಂದು ಬರೆದು, ಬದಲಾದ ಎರಡು ವಾಕ್ಯಗಳನ್ನು ಮತ್ತು ಪರೀಕ್ಷೆಯ ಪಟ್ಟಿಯಿಂದ ಅಗುಳಿಯ ಸಾಲನ್ನು ತಿದ್ದಿ ಇಡೀ ಇಮೇಲನ್ನು ಮತ್ತೆ ಕಳುಹಿಸಿದೆ. ಹಳೆಯದು ಇನ್ನು ಲೆಕ್ಕಕ್ಕಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆದೆ. ಸಂಜೆಯೊಳಗೆ "ಒಪ್ಪಿದ್ದೇನೆ, ಸೋಮವಾರ ಬನ್ನಿ" ಎಂಬ ಉತ್ತರ ಬಂತು.